ಮಾರನೇ ದಿನದ ಮಾತ್ರೆ: ಯಾವಾಗ ನುಂಗಬೇಕು, ಒಳಗೆ ಏನು ಮಾಡುತ್ತದೆ, ನಿಂತ ಗರ್ಭವನ್ನು ಯಾಕೆ ಇಳಿಸುವುದಿಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೆಡಿಕಲ್ ಶಾಪ್ ನಡೆಸುತ್ತೇನೆ. ಈ ಮಾತ್ರೆ ಕೇಳಲು ಬರುವವರಲ್ಲಿ ಹೆಚ್ಚಿನವರು ಅಂಗಡಿ ಖಾಲಿಯಾಗುವವರೆಗೆ ಪಕ್ಕದಲ್ಲಿ ನಿಂತು ಕಾಯುತ್ತಾರೆ. ಆಮೇಲೆ ಮೆಲ್ಲಗೆ ಹೆಸರು ಹೇಳಿ, ದುಡ್ಡು ಕೊಟ್ಟು, ಏನೂ ಕೇಳದೆ ಹೊರಟುಬಿಡುತ್ತಾರೆ. ಕೇಳಬೇಕಾದದ್ದು ಫೋನಿನಲ್ಲೋ, ಪತ್ರದಲ್ಲೋ, ಆನ್‌ಲೈನ್‌ನಲ್ಲಿ ನಾನು ಬರೆದದ್ದರ ಕೆಳಗೋ ಬರುತ್ತದೆ. ಹಾಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿಟ್ಟು ಉತ್ತರ ಬರೆದಿದ್ದೇನೆ.

## ಮೊದಲಿಗೆ

ಐ-ಪಿಲ್ ಅಂದ್ರೆ ಏನು? ದಿನಾ ನುಂಗೋ ಮಾತ್ರೆಗೂ ಇದಕ್ಕೂ ಏನು ವ್ಯತ್ಯಾಸ?

ಕಾಂಡೋಮ್ ಹರಿದಾಗ, ದಿನದ ಮಾತ್ರೆ ಮರೆತಾಗ, ಯಾವ ರಕ್ಷಣೆಯೂ ಇಲ್ಲದೆ ಸಂಬಂಧ ಆದಾಗ ಗರ್ಭ ನಿಲ್ಲದಂತೆ ತಡೆಯಲು ನುಂಗುವ ಮಾತ್ರೆ ಇದು. ಐ-ಪಿಲ್, ಅನ್‌ವಾಂಟೆಡ್-72 ಇವೆಲ್ಲ ಕಂಪನಿ ಇಟ್ಟ ಹೆಸರುಗಳು. ಒಳಗಿರುವ ಔಷಧಿ ಒಂದೇ: ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ, ಒಂದೇ ಮಾತ್ರೆ. ಸರ್ಕಾರದ ಯೋಜನೆಯಲ್ಲಿ ಇದೇ ಔಷಧಿ ಇಜಿ ಪಿಲ್ ಅನ್ನುವ ಹೆಸರಿನಲ್ಲಿದೆ. ಆಶಾ ಕಾರ್ಯಕರ್ತೆಯರ ಹತ್ತಿರವೂ ವಿಚಾರಿಸಬಹುದು.

ದಿನಾ ನುಂಗುವ ಮಾಲಾ-ಡಿ, ಮಾಲಾ-ಎನ್ ಮಾತ್ರೆಗಳಲ್ಲೂ ಲೆವೊನಾರ್ಜೆಸ್ಟ್ರೆಲ್ಲೇ ಇರುತ್ತದೆ. ಆದರೆ ಒಂದು ಮಾತ್ರೆಗೆ 0.15 ಮಿಲಿಗ್ರಾಂ ಮಾತ್ರ, ಜೊತೆಗೆ ಈಸ್ಟ್ರೋಜೆನ್ ಜಾತಿಯ ಇನ್ನೊಂದು ಹಾರ್ಮೋನು. ಅಂದರೆ ಮಾರನೇ ದಿನದ ಮಾತ್ರೆಯಲ್ಲಿರುವುದು ಅದರ ಹತ್ತು ಪಟ್ಟು, ಒಂದೇ ಸಲಕ್ಕೆ. ದಿನದ ಮಾತ್ರೆ ತಿಂಗಳಿಡೀ ಕಾಯುತ್ತದೆ. ಇದು ಆಗಿಹೋದ ಒಂದು ಸಂದರ್ಭಕ್ಕೆ ಮಾತ್ರ.

ಡಾಕ್ಟರ್ ಚೀಟಿ ಬೇಕಾ? ಮದುವೆ ಆಗಿದೆಯಾ ಅಂತ ಕೇಳ್ತಾರಾ?

ಚೀಟಿ ಬೇಡ. ಭಾರತದಲ್ಲಿ 2005ರಿಂದ ಇದನ್ನು ಚೀಟಿ ಇಲ್ಲದೆ ಕೊಡುತ್ತಾರೆ. ಮದುವೆಯ ವಿಷಯ ಕೇಳುವ ಹಕ್ಕು ಅಂಗಡಿಯವರಿಗಿಲ್ಲ. ಯಾರಾದರೂ ಕೇಳಿದರೆ ಉತ್ತರ ಹೇಳದೆ ಪಕ್ಕದ ಅಂಗಡಿಗೆ ಹೋಗಿ. ವಾದ ಮಾಡುತ್ತಾ ನಿಂತರೆ ಸಮಯ ನಿಮ್ಮದೇ ಹೋಗುವುದು.

ಗರ್ಭ ತೆಗೆಯೋ ಮಾತ್ರೆ ಅಂದ್ರೆ ಇದೇ ತಾನೇ?

ಅಲ್ಲ. ಅತಿ ಜಾಸ್ತಿ ಆಗುವ ಗೊಂದಲ ಇದೇ. ಹೆಸರುಗಳೂ ಇದಕ್ಕೆ ಕಾರಣ. ಅನ್‌ವಾಂಟೆಡ್-72 ಅಂದರೆ ಮಾರನೇ ದಿನದ ಮಾತ್ರೆ. ಅನ್‌ವಾಂಟೆಡ್ ಕಿಟ್ ಅಂದರೆ ಗರ್ಭ ಇಳಿಸುವ ಮಾತ್ರೆಗಳ ಜೋಡಿ. ಅವಸರದಲ್ಲಿ ಕೇಳುವವರಿಗೂ ಕೊಡುವವರಿಗೂ ಕಿವಿ ತಪ್ಪುವುದು ಸುಲಭ.

ಹಾಗಾಗಿ ಹೆಸರು ನೋಡಬೇಡಿ, ಪಟ್ಟಿಯನ್ನು ತಿರುಗಿಸಿ ಹಿಂದೆ ಓದಿ. ಮಾರನೇ ದಿನದ ಮಾತ್ರೆ ಆಗಿದ್ದರೆ ಒಂದೇ ಮಾತ್ರೆ ಇರುತ್ತದೆ, ಲೆವೊನಾರ್ಜೆಸ್ಟ್ರೆಲ್ 1.5 ಅಂತ ಬರೆದಿರುತ್ತದೆ. ಗರ್ಭ ಇಳಿಸುವ ಕಿಟ್‌ನಲ್ಲಿ ಐದು ಮಾತ್ರೆ ಇರುತ್ತವೆ: ಒಂದು ಮಿಫೆಪ್ರಿಸ್ಟೋನ್, ನಾಲ್ಕು ಮಿಸೊಪ್ರೊಸ್ಟಾಲ್. ಅದನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ. ಗರ್ಭ ಎಲ್ಲಿ ಕೂತಿದೆ, ಎಷ್ಟು ವಾರದ್ದು ಅಂತ ತಿಳಿಯದೆ ಅದನ್ನು ನುಂಗುವುದು ಅಪಾಯ.

ಒಂದು ಗರ್ಭ ನಿಲ್ಲುವ ಮುಂಚಿನದ್ದು, ಇನ್ನೊಂದು ನಿಂತ ಮೇಲಿನದ್ದು. ಒಂದರ ಕೆಲಸ ಇನ್ನೊಂದಕ್ಕೆ ಬರುವುದಿಲ್ಲ.

## ಸಮಯದ ಲೆಕ್ಕ

72 ಗಂಟೆ ಟೈಮ್ ಇದೆಯಲ್ಲ, ಸೋಮವಾರ ಆಫೀಸಿಗೆ ಹೋಗೋವಾಗ ತಗೊಂಡ್ರೆ ಆಗಲ್ವಾ?

ಅಲ್ಲಿಯವರೆಗೆ ಕಾಯಬೇಡಿ. 72 ಗಂಟೆ ಅನ್ನುವುದು ಕೊನೆಯ ಗಡುವು ಅಷ್ಟೇ. ಮೊದಲ ಗಂಟೆಗೂ ಎಪ್ಪತ್ತನೇ ಗಂಟೆಗೂ ಮಾತ್ರೆಯ ಬಲ ಒಂದೇ ಅಂತ ಅದರ ಅರ್ಥವಲ್ಲ.

ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನ ಒಂದಿದೆ. ಆಗ ಈ ಔಷಧಿಯನ್ನು ಎರಡು ಸಣ್ಣ ಮಾತ್ರೆಯಾಗಿ ಕೊಡುತ್ತಿದ್ದರು. ಮೊದಲ 24 ಗಂಟೆಯೊಳಗೆ ಶುರು ಮಾಡಿದವರಲ್ಲಿ, ನಿಲ್ಲಬಹುದಾಗಿದ್ದ ಗರ್ಭಗಳಲ್ಲಿ ನೂರಕ್ಕೆ 95 ತಪ್ಪಿದ್ದವು. ಎರಡನೇ ದಿನ ಶುರು ಮಾಡಿದವರಲ್ಲಿ ಅದು 85ಕ್ಕೆ ಇಳಿಯಿತು. ಮೂರನೇ ದಿನಕ್ಕೆ 58.

ಈ ಅಂಕಿಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಬೇರೆ ಬೇರೆ ಅಧ್ಯಯನಗಳಲ್ಲಿ ಸಂಖ್ಯೆ ಹೆಚ್ಚು ಕಡಿಮೆ ಆಗಿದೆ. ನೆನಪಿಡಬೇಕಾದ್ದು ಇಷ್ಟು: ಶನಿವಾರ ರಾತ್ರಿ ಆಗಿದ್ದರೆ ಭಾನುವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ತಕ್ಷಣ ಹೋಗಿ. ತಿಂಡಿ ತಿಂದು ನುಂಗಬೇಕಾ, ರಾತ್ರಿ ಮಲಗುವ ಮುಂಚೆಯಾ ಅಂತಲೂ ಕೇಳುತ್ತಾರೆ. ಕೈಗೆ ಸಿಕ್ಕಾಗ ನುಂಗಿ. ಹೊಟ್ಟೆಗೆ ಏನಾದರೂ ಬಿದ್ದಿದ್ದರೆ ವಾಕರಿಕೆ ಸ್ವಲ್ಪ ಕಡಿಮೆ ಇರಬಹುದು, ಆದರೆ ಊಟಕ್ಕಾಗಿ ಅರ್ಧ ದಿನ ಕಾಯಬೇಡಿ.

ಬೇಗ ನುಂಗಿದ್ರೂ ಕೆಲವರಿಗೆ ನಿಲ್ಲುತ್ತೆ, ಲೇಟಾಗಿ ನುಂಗಿದವರಿಗೆ ನಿಲ್ಲಲ್ಲ. ಯಾಕೆ ಹೀಗೆ? ದಿನದ ಲೆಕ್ಕ ಹಾಕಿ ತೋರಿಸ್ತೀರಾ?

ಇಲ್ಲಿ ಎರಡು ಗಡಿಯಾರ ಒಟ್ಟಿಗೆ ಓಡುತ್ತಿರುತ್ತವೆ. ಒಂದು ಸಂಬಂಧ ಆದ ಗಂಟೆಯಿಂದ ಎಣಿಸುವುದು. ಇನ್ನೊಂದು ನಿಮ್ಮ ಮುಟ್ಟಿನ ಚಕ್ರದ್ದು. ಪೆಟ್ಟಿಗೆಯ ಮೇಲೆ ಬರೆದಿರುವುದು ಮೊದಲನೆಯದನ್ನು ಮಾತ್ರ.

28 ದಿನಕ್ಕೆ ಸರಿಯಾಗಿ ಮುಟ್ಟಾಗುವ ಒಬ್ಬರನ್ನು ತೆಗೆದುಕೊಳ್ಳೋಣ. ತಿಂಗಳ 1ನೇ ತಾರೀಖು ಮುಟ್ಟು ಶುರುವಾಗಿದೆ. ಅವರ ಅಂಡಾಶಯದಿಂದ ಮೊಟ್ಟೆ ಬಿಡುವುದು ಸುಮಾರು 14ಕ್ಕೆ. 11ರ ರಾತ್ರಿ 11 ಗಂಟೆಗೆ ಕಾಂಡೋಮ್ ಹರಿಯಿತು. ಗಂಡಿನ ವೀರ್ಯಾಣು ಹೆಣ್ಣಿನ ದೇಹದೊಳಗೆ ಐದು ದಿನದವರೆಗೂ ಬದುಕಿರಬಲ್ಲದು, ಅಂದರೆ 16ರವರೆಗೆ. 14ಕ್ಕೆ ಮೊಟ್ಟೆ ಬಂದರೆ ಅದು ಅಲ್ಲಿ ಕಾದುಕೊಂಡೇ ಇರುತ್ತದೆ.

ಅವರು 12ರ ಬೆಳಿಗ್ಗೆ 9ಕ್ಕೆ ಮಾತ್ರೆ ನುಂಗಿದರು ಅನ್ನಿ. ಹತ್ತು ಗಂಟೆ ಕಳೆದಿದೆ. ಮೊಟ್ಟೆ ಬಿಡಲು ದೇಹ ಇನ್ನೂ ಅಪ್ಪಣೆ ಕೊಟ್ಟಿಲ್ಲ. ಮಾತ್ರೆ ಆ ಅಪ್ಪಣೆಯನ್ನೇ ತಡೆಯುತ್ತದೆ. ಮೊಟ್ಟೆ 14ಕ್ಕೆ ಬರುವುದಿಲ್ಲ. ಕೆಲವು ದಿನ ತಡವಾಗಿ ಬರುತ್ತದೆ, ಇಲ್ಲವೇ ಆ ತಿಂಗಳು ಬರುವುದೇ ಇಲ್ಲ. ಅಷ್ಟರಲ್ಲಿ ವೀರ್ಯಾಣು ಸತ್ತಿರುತ್ತದೆ. ಗರ್ಭ ನಿಲ್ಲಲು ದಾರಿಯೇ ಇಲ್ಲ.

ಅದೇ ಹೆಂಗಸು ಅಂಗಡಿಗೆ ಹೋಗಲು ಮುಜುಗರಪಟ್ಟು 14ರ ರಾತ್ರಿ 10ಕ್ಕೆ ನುಂಗಿದರು ಅನ್ನಿ. 71 ಗಂಟೆ ಆಗಿದೆ. ಪೆಟ್ಟಿಗೆಯ ಪ್ರಕಾರ ಇನ್ನೂ ಒಂದು ಗಂಟೆ ಬಾಕಿ. ಆದರೆ ಅಪ್ಪಣೆ 13ಕ್ಕೇ ಹೊರಟಿದೆ, ಮೊಟ್ಟೆ ಹೊರಗೆ ಬಂದಾಗಿದೆ ಇಲ್ಲವೇ ಬರುವ ಹಾದಿಯಲ್ಲಿದೆ. ಮಾತ್ರೆಗೆ ಮಾಡಲು ಕೆಲಸವೇ ಉಳಿದಿಲ್ಲ.

ಈಗ ಸಂಬಂಧ ಆದದ್ದು 14ರ ಮಧ್ಯಾಹ್ನ, ಮಾತ್ರೆ ನುಂಗಿದ್ದು ಸಂಜೆ ಅನ್ನಿ. ಬರೀ ಮೂರು ಗಂಟೆಯಲ್ಲಿ ನುಂಗಿದರೂ ನಿಲ್ಲಬಹುದು. 24ಕ್ಕೆ ಸಂಬಂಧ ಆಗಿದ್ದರೆ ಮಾತ್ರೆ ನುಂಗದಿದ್ದರೂ ಬಹುಶಃ ನಿಲ್ಲುತ್ತಿರಲಿಲ್ಲ. “ಲೇಟಾಗಿ ನುಂಗಿದರೂ ನನಗೇನೂ ಆಗಲಿಲ್ಲ” ಅನ್ನುವವರಲ್ಲಿ ಎಷ್ಟೋ ಜನ ಈ ಗುಂಪಿನವರು.

ಹಾಗಾದ್ರೆ ನನ್ನ ಡೇಟ್ ಲೆಕ್ಕ ಹಾಕಿ ಸೇಫ್ ದಿನ ಆಗಿದ್ರೆ ನುಂಗದೇ ಇರಬಹುದಾ?

ಆ ಭರವಸೆ ಮೇಲೆ ಬಿಡಬೇಡಿ. ಮೇಲಿನ ಲೆಕ್ಕ ಅರ್ಥ ಮಾಡಿಕೊಳ್ಳಲು ಕೊಟ್ಟದ್ದು. ನಿಜವಾದ ದೇಹದಲ್ಲಿ ಮೊಟ್ಟೆ ಬಿಡುವ ದಿನ ಒಂದು ತಿಂಗಳಿದ್ದಂತೆ ಇನ್ನೊಂದು ತಿಂಗಳು ಇರುವುದಿಲ್ಲ. ಜ್ವರ, ಪರೀಕ್ಷೆಯ ಒತ್ತಡ, ನಿದ್ದೆಗೆಟ್ಟ ವಾರ, ಯಾವುದರಿಂದಲೂ ಹಿಂದೆ ಮುಂದೆ ಆಗಬಹುದು. ಗರ್ಭ ಬೇಡ ಅಂತಿದ್ದರೆ, ದಿನ ಯಾವುದೇ ಇರಲಿ, ನುಂಗಿ.

ನಾಲ್ಕನೇ ದಿನ ಆಗಿಹೋಗಿದೆ. ಇನ್ನೇನೂ ಮಾಡೋಕಾಗಲ್ವಾ?

ಆಗುತ್ತದೆ. ಕಾಪರ್-ಟಿ, ನಮ್ಮ ಕಡೆ ವಂಕಿ ಅಂತಾರಲ್ಲ ಅದೇ. ಸಂಬಂಧ ಆದ ಐದು ದಿನದೊಳಗೆ ಅದನ್ನು ಹಾಕಿಸಿಕೊಂಡರೆ ನೂರಕ್ಕೆ 99ಕ್ಕಿಂತ ಜಾಸ್ತಿ ಖಾತ್ರಿ. ತುರ್ತಿಗೆ ಇರುವ ಎಲ್ಲ ದಾರಿಗಳಲ್ಲಿ ಇದೇ ಬಲವಾದದ್ದು. ಮೊದಲ ದಿನವೇ ಹಾಕಿಸಿಕೊಂಡರೂ ಮಾತ್ರೆಗಿಂತ ಮೇಲು. ತಾಮ್ರ ವೀರ್ಯಾಣುವಿಗೆ ವಿಷ. ಮೊಟ್ಟೆ ಯಾವಾಗ ಬಿಟ್ಟಿತು ಅನ್ನುವ ಗಡಿಯಾರವನ್ನು ಅದು ನೆಚ್ಚಿಕೊಂಡಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಕಾಪರ್-ಟಿ ಉಚಿತ. ಹಾಕುವ ತರಬೇತಿ ಇರುವ ಡಾಕ್ಟರ್ ಅಥವಾ ನರ್ಸ್ ಬೇಕು. ಆದ್ದರಿಂದ “ಐದು ದಿನದೊಳಗೆ ಆಗಬೇಕು, ಇಂದೇ ಹಾಕುತ್ತೀರಾ” ಅಂತ ನೇರವಾಗಿ ಕೇಳಿ. ಮುಂದಿನ ವಾರ ಬನ್ನಿ ಅಂದರೆ ನಿಮ್ಮ ಕೆಲಸ ಕೆಟ್ಟಿತು.

ಯೂಲಿಪ್ರಿಸ್ಟಾಲ್ 30 ಮಿಲಿಗ್ರಾಂ ಅನ್ನುವ ಇನ್ನೊಂದು ಮಾತ್ರೆ ಇದೆ. ಅದು 120 ಗಂಟೆಯವರೆಗೆ ಕೆಲಸ ಮಾಡುತ್ತದೆ, ಅಪ್ಪಣೆ ಹೊರಡಲು ಶುರುವಾದ ಮೇಲೂ ಸ್ವಲ್ಪ ಹೊತ್ತು ಮೊಟ್ಟೆಯನ್ನು ತಡೆಯಬಲ್ಲದು. ಹೊರದೇಶದಲ್ಲಿರುವ ಕನ್ನಡಿಗರು ಅಲ್ಲಿನ ಫಾರ್ಮಸಿಯಲ್ಲಿ ಇದರ ಹೆಸರು ಹೇಳಿ ಕೇಳಬಹುದು. ನಾಲ್ಕನೇ ದಿನ ಇವೆರಡೂ ಸಿಗದಿದ್ದರೆ ಲೆವೊನಾರ್ಜೆಸ್ಟ್ರೆಲ್ ನುಂಗುವುದರಿಂದ ಕೇಡೇನಿಲ್ಲ, ಆದರೆ ಅದರ ಮೇಲೆ ಹೆಚ್ಚು ನಂಬಿಕೆ ಇಡಬೇಡಿ.

ಇವತ್ತು ನುಂಗಿದೆ. ಇನ್ನು ಮೂರು ದಿನ ಸೇಫ್ ತಾನೇ?

ಖಂಡಿತ ಅಲ್ಲ. ಇನ್ನೂ ಹೇಳಬೇಕೆಂದರೆ ಈ ತಿಂಗಳು ಮುಂದಿನ ದಿನಗಳೇ ಅಪಾಯದವು. ಮಾತ್ರೆ ಮೊಟ್ಟೆಯನ್ನು ಮುಂದಕ್ಕೆ ತಳ್ಳಿದೆ ಅಷ್ಟೇ. 14ಕ್ಕೆ ಬರಬೇಕಿದ್ದದ್ದು 18ಕ್ಕೋ 20ಕ್ಕೋ ಬರಬಹುದು. ಆಗ ಹೊಸದಾಗಿ ಸಂಬಂಧ ಆಗಿದ್ದರೆ ಗರ್ಭ ನಿಲ್ಲುತ್ತದೆ. ದಿನದ ಮಾತ್ರೆ ಶುರು ಮಾಡುವುದಿದ್ದರೆ ಮಾರನೇ ದಿನದಿಂದಲೇ ಮಾಡಬಹುದು, ಆದರೆ ಮೊದಲ ಏಳು ದಿನ ಕಾಂಡೋಮ್ ಜೊತೆಗಿರಲಿ.

## ಒಳಗೆ ಏನು ನಡೆಯುತ್ತದೆ

ಮಾತ್ರೆ ಒಳಗೆ ಹೋಗಿ ಏನು ಮಾಡುತ್ತೆ? ಗರ್ಭಕೋಶ ತೊಳೆಯುತ್ತಾ?

ತೊಳೆಯುವುದಿಲ್ಲ. ಅದು ಕೆಲಸ ಮಾಡುವುದು ಗರ್ಭಕೋಶದಲ್ಲಲ್ಲ. ಮೊಟ್ಟೆ ಬಿಡು ಅಂತ ಮೆದುಳಿನ ಬುಡದಿಂದ ಅಂಡಾಶಯಕ್ಕೆ ಹೋಗುವ ಸಂದೇಶದ ಮೇಲೆ ಅದರ ಕೆಲಸ.

ಪ್ರತಿ ತಿಂಗಳು ಅಂಡಾಶಯದಲ್ಲಿ ನೀರಿನ ಗುಳ್ಳೆಯಂಥ ಒಂದು ಚೀಲ ಬೆಳೆಯುತ್ತದೆ. ಮೊಟ್ಟೆ ಅದರೊಳಗೆ ಇರುತ್ತದೆ. ಚೀಲ ಬಲಿತಾಗ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಅನ್ನುವ ಹಾರ್ಮೋನನ್ನು ಒಮ್ಮೆಲೇ ಸುರಿಯುತ್ತದೆ. ಅದಾದ ಒಂದೂವರೆ ದಿನದೊಳಗೆ ಚೀಲ ಒಡೆದು ಮೊಟ್ಟೆ ಹೊರಗೆ ಬರುತ್ತದೆ. ಮೇಲೆ ನಾನು ಅಪ್ಪಣೆ ಅಂದದ್ದು ಈ ಎಲ್‌ಎಚ್ ಅನ್ನೇ.

ನಮ್ಮ ಬಸ್ಸಿನ ಕಂಡಕ್ಟರ್ ಸೀಟಿ ಊದಿ “ರೈಟ್” ಅನ್ನುತ್ತಾರಲ್ಲ, ಹಾಗೆ. ಸೀಟಿ ಊದುವ ಮುಂಚೆ ನೀವು ಬಾಗಿಲಲ್ಲಿ ನಿಂತು “ತಡೀರಿ” ಅಂದರೆ ಬಸ್ಸು ನಿಲ್ಲುತ್ತದೆ. ಲೆವೊನಾರ್ಜೆಸ್ಟ್ರೆಲ್ ಮಾಡುವುದು ಅಷ್ಟನ್ನೇ. ಸೀಟಿ ಊದಿ ಬಸ್ಸು ಸ್ಟ್ಯಾಂಡ್ ದಾಟಿದ ಮೇಲೆ ಕೂಗಿ ಪ್ರಯೋಜನವಿಲ್ಲ. ಎಲ್‌ಎಚ್ ಏರಲು ಶುರುವಾದ ಮೇಲೆ ನುಂಗಿದರೆ ಈ ಮಾತ್ರೆ ನುಂಗಿದ್ದಕ್ಕೂ ನುಂಗದಿದ್ದಕ್ಕೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ.

ಮೊಟ್ಟೆ ಬಂದು ವೀರ್ಯ ಸೇರಿಬಿಟ್ಟಿದ್ರೆ, ಅದು ಗರ್ಭಕೋಶಕ್ಕೆ ಅಂಟದ ಹಾಗೆ ಮಾಡುತ್ತೆ ಅಂತಾರೆ. ಅತ್ತೆ ಇದನ್ನೇ ಹಿಡಿದು ಪಾಪ ಅಂತಾರೆ.

ಹಿಂದೆ ಹಾಗೆ ಊಹೆ ಇತ್ತು, ಔಷಧಿಯ ಚೀಟಿಗಳಲ್ಲೂ “ತಡೆಯಬಹುದು” ಅಂತ ಬರೆದಿರುತ್ತಿದ್ದರು. ಆಮೇಲೆ ಪರೀಕ್ಷೆ ಮಾಡಿ ನೋಡಿದರು. ಚಿಲಿ ಮತ್ತು ಆಸ್ಟ್ರೇಲಿಯಾದ ಸಂಶೋಧಕರು ಮಾತ್ರೆ ನುಂಗಲು ಬಂದ ಹೆಂಗಸರ ರಕ್ತ ಪರೀಕ್ಷಿಸಿ (ಚಿಲಿಯಲ್ಲಿ ಸ್ಕ್ಯಾನ್ ಕೂಡ ಮಾಡಿ) ಅವರಿಗೆ ಮೊಟ್ಟೆ ಬಿಟ್ಟಾಗಿದೆಯೋ ಇಲ್ಲವೋ ಅಂತ ಗುರುತಿಸಿಕೊಂಡರು. ಮೊಟ್ಟೆ ಬಿಡುವ ಮುಂಚೆ ನುಂಗಿದವರಲ್ಲಿ ಗರ್ಭ ನಿಲ್ಲಲೇ ಇಲ್ಲ. ಬಿಟ್ಟ ಮೇಲೆ ನುಂಗಿದವರಲ್ಲಿ, ಮಾತ್ರೆಯೇ ಇಲ್ಲದಿದ್ದರೆ ಎಷ್ಟು ಗರ್ಭ ನಿಲ್ಲಬಹುದಿತ್ತೋ ಹೆಚ್ಚು ಕಡಿಮೆ ಅಷ್ಟೇ ನಿಂತವು.

ಅಂಟುವುದನ್ನು ತಡೆಯುವ ಶಕ್ತಿ ಈ ಮಾತ್ರೆಗೆ ಇದ್ದಿದ್ದರೆ ಎರಡನೇ ಗುಂಪಿನಲ್ಲೂ ಗರ್ಭ ಕಡಿಮೆ ಆಗಬೇಕಿತ್ತು, ಅಲ್ವಾ? ಆಗಲಿಲ್ಲ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅಲ್ಲಿನ ಇದೇ ಮಾತ್ರೆಯ ಚೀಟಿಯಿಂದ ಆ ಮಾತನ್ನು ತೆಗೆಸಿತು. ಪಾಪ ಪುಣ್ಯದ ಮಾತು ನಿಮ್ಮ ಮನೆಗೆ ಬಿಟ್ಟದ್ದು. ಆದರೆ ಈ ಮಾತ್ರೆ ಮಗುವನ್ನು ತೆಗೆಯುತ್ತದೆ ಅನ್ನುವುದು ನಿಜವಲ್ಲ ಅಂತ ಅತ್ತೆಯವರಿಗೆ ಹೇಳಬಹುದು.

ಡೇಟ್ ಮುಂದೆ ಹೋಗಿ ಇಪ್ಪತ್ತು ದಿನ ಆಯ್ತು, ಟೆಸ್ಟ್‌ನಲ್ಲಿ ಎರಡು ಗೆರೆ ಬಂತು. ಎರಡು ಮೂರು ಐ-ಪಿಲ್ ಒಟ್ಟಿಗೆ ನುಂಗಿದ್ರೆ ಇಳಿಯುತ್ತಾ?

ಇಳಿಯುವುದಿಲ್ಲ. ಎರಡಲ್ಲ, ಹತ್ತು ನುಂಗಿದರೂ ಇಳಿಯುವುದಿಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಕಾರಣ ತಿಳಿದವರು ಮತ್ತೆ ಈ ತಪ್ಪು ಮಾಡುವುದಿಲ್ಲ.

ಮೊಟ್ಟೆ ಹೊರಬಿದ್ದ ಮೇಲೆ, ಅದು ಇದ್ದ ಚೀಲ ಸುಮ್ನೆ ಒಣಗುವುದಿಲ್ಲ. ಪ್ರೊಜೆಸ್ಟೆರಾನ್ ಅನ್ನುವ ಹಾರ್ಮೋನನ್ನು ತಯಾರಿಸಲು ಶುರು ಮಾಡುತ್ತದೆ. ಗರ್ಭಕೋಶದ ಒಳಪದರವನ್ನು ಮೆತ್ತಗೆ ಹಾಸಿ, ಗರ್ಭಕೋಶ ಹಿಂಡದಂತೆ ಶಾಂತವಾಗಿ ಇಡುವುದು ಈ ಹಾರ್ಮೋನು. ವೀರ್ಯ ಸೇರಿದ ಮೊಟ್ಟೆ ಸುಮಾರು ಆರರಿಂದ ಹತ್ತು ದಿನದ ಹೊತ್ತಿಗೆ ಆ ಪದರಕ್ಕೆ ಅಂಟಿಕೊಳ್ಳುತ್ತದೆ. ಅಂಟಿದ ಮೇಲೆ ಅದು ಎಚ್‌ಸಿಜಿ ಅನ್ನುವ ತನ್ನದೇ ಹಾರ್ಮೋನು ಕಳಿಸಿ “ಪ್ರೊಜೆಸ್ಟೆರಾನ್ ನಿಲ್ಲಿಸಬೇಡ” ಅಂತ ಅಂಡಾಶಯಕ್ಕೆ ಹೇಳುತ್ತದೆ. ನಿಮ್ಮ ಟೆಸ್ಟ್ ಪಟ್ಟಿಯಲ್ಲಿ ಎರಡನೇ ಗೆರೆ ಮೂಡಿಸಿದ್ದು ಇದೇ ಎಚ್‌ಸಿಜಿ. ಗರ್ಭ ನಿಂತಿದೆ ಅನ್ನುವುದು ಈ ಹಂತಕ್ಕೆ.

ಈಗ ಲೆವೊನಾರ್ಜೆಸ್ಟ್ರೆಲ್ ಯಾವ ಜಾತಿಯ ಔಷಧಿ ಅಂತ ನೋಡಿ. ಅದು ಪ್ರೊಜೆಸ್ಟೆರಾನ್ ಹಾಗೇ ಕೆಲಸ ಮಾಡುವ, ಕಾರ್ಖಾನೆಯಲ್ಲಿ ತಯಾರಿಸಿದ ಹಾರ್ಮೋನು. ಗರ್ಭವನ್ನು ಕಾಯುವ ಹಾರ್ಮೋನಿನ ನೆಂಟ ಅದು, ವೈರಿಯಲ್ಲ. ಮೊಟ್ಟೆ ಬಿಡುವ ಮುಂಚೆ ಬಂದರೆ “ಈಗಾಗಲೇ ಪ್ರೊಜೆಸ್ಟೆರಾನ್ ಇದೆ, ಇನ್ನೊಂದು ಮೊಟ್ಟೆ ಯಾಕೆ” ಅಂತ ಮೆದುಳು ಎಲ್‌ಎಚ್ ಅನ್ನು ಹಿಡಿದಿಡುತ್ತದೆ. ಗರ್ಭ ನಿಂತ ಮೇಲೆ ಬಂದರೆ, ಅಲ್ಲಿ ಆಗಲೇ ಪ್ರೊಜೆಸ್ಟೆರಾನ್ ಧಾರಾಳವಾಗಿರುತ್ತದೆ. ಅದೇ ಜಾತಿಯ ಇನ್ನೊಂದಿಷ್ಟನ್ನು ಸೇರಿಸಿದರೆ ಗರ್ಭಕ್ಕೆ ಏನೂ ಆಗುವುದಿಲ್ಲ.

ಗರ್ಭ ಇಳಿಸುವ ಕಿಟ್‌ನ ಮಿಫೆಪ್ರಿಸ್ಟೋನ್ ಇದಕ್ಕೆ ತದ್ವಿರುದ್ಧ. ಅದು ಪ್ರೊಜೆಸ್ಟೆರಾನ್ ಕೂರುವ ಜಾಗದಲ್ಲಿ ತಾನು ಕೂತು ಅದರ ಕೆಲಸ ನಿಲ್ಲಿಸುತ್ತದೆ. ಆಗ ಒಳಪದರ ಸಡಿಲವಾಗುತ್ತದೆ. ಆಮೇಲೆ ಮಿಸೊಪ್ರೊಸ್ಟಾಲ್ ಗರ್ಭಕೋಶವನ್ನು ಹಿಂಡಿ ಹೊರಗೆ ತಳ್ಳುತ್ತದೆ. ಲೆವೊನಾರ್ಜೆಸ್ಟ್ರೆಲ್ ಸಡಿಲ ಮಾಡುವುದೂ ಇಲ್ಲ, ಹಿಂಡುವುದೂ ಇಲ್ಲ.

ಎರಡು ಗೆರೆ ಬಂದವರು ಹೀಗೆ ಮಾತ್ರೆ ನುಂಗುತ್ತಾ ಎರಡು ಮೂರು ವಾರ ಕಾದರೆ ಆಗುವ ನಷ್ಟ ಒಂದೇ, ಸಮಯ. ಗರ್ಭ ಬೇಡ ಅಂತಿದ್ದರೆ ಎಷ್ಟು ಬೇಗ ಡಾಕ್ಟರ್ ಹತ್ತಿರ ಹೋಗುತ್ತೀರೋ ಅಷ್ಟು ಸುಲಭ.

ನನ್ನ ಫ್ರೆಂಡ್‌ಗೆ ಡೇಟ್ ಮಿಸ್ ಆದ ಮೇಲೆ ನುಂಗಿ ಬ್ಲೀಡಿಂಗ್ ಆಯ್ತಂತೆ. ಮತ್ತೆ ಕೆಲಸ ಮಾಡಿತು ಅಂತ ತಾನೇ?

ಹೆಚ್ಚಾಗಿ ಆಗುವುದು ಹೀಗೆ: ಅವರಿಗೆ ಗರ್ಭ ನಿಂತೇ ಇರಲಿಲ್ಲ, ಮುಟ್ಟು ಸುಮ್ನೆ ತಡವಾಗಿತ್ತು. ತಡವಾಗಿ ಬಂದಿತು, ಅಷ್ಟರಲ್ಲಿ ಮಾತ್ರೆಯೂ ಹೊಟ್ಟೆಯಲ್ಲಿತ್ತು, ಹೆಸರು ಮಾತ್ರೆಗೆ ಬಂತು. ನುಂಗಿದ ಹಾರ್ಮೋನು ರಕ್ತದಲ್ಲಿ ಕಡಿಮೆ ಆಗುವಾಗಲೂ ಕೆಲವರಿಗೆ ಸ್ವಲ್ಪ ರಕ್ತ ಕಾಣಿಸುತ್ತದೆ. ಇದರಲ್ಲಿ ಒಂದು ಎಚ್ಚರಿಕೆ ಇದೆ. ಗರ್ಭ ಇದ್ದೂ ರಕ್ತ ಕಾಣಬಹುದು. ಗರ್ಭನಾಳದಲ್ಲಿ ಕೂತ ಗರ್ಭಕ್ಕೂ ಹೀಗೆ ರಕ್ತ ಹೋಗುತ್ತದೆ. ಆದ್ದರಿಂದ “ರಕ್ತ ಹೋಯಿತು, ಮುಗಿಯಿತು” ಅಂತ ಬಿಡದೆ ಟೆಸ್ಟ್ ಮಾಡಲೇಬೇಕು.

ಗರ್ಭಿಣಿ ಅಂತ ಗೊತ್ತಿಲ್ಲದೆ ನುಂಗಿಬಿಟ್ಟೆ. ಈಗ ಮಗು ಉಳಿಸಿಕೊಳ್ಳಬೇಕು ಅಂತಿದ್ದೀವಿ. ಅಂಗವಿಕಲ ಆಗುತ್ತಾ?

ಭಯ ಬಿಡಿ. ಈ ಮಾತ್ರೆ ಸೋತು ನಿಂತ ಗರ್ಭಗಳನ್ನು, ತಿಳಿಯದೆ ನುಂಗಿದವರ ಮಕ್ಕಳನ್ನು ಗಮನಿಸಿದ್ದಾರೆ. ಮಗುವಿಗೆ ದೋಷ ಜಾಸ್ತಿ ಆದದ್ದು ಕಂಡಿಲ್ಲ. ಇದೊಂದೇ ಕಾರಣಕ್ಕೆ ಗರ್ಭ ತೆಗೆಸುವ ಅಗತ್ಯವಿಲ್ಲ. ಡಾಕ್ಟರಿಗೆ ನುಂಗಿದ ದಿನಾಂಕ ಹೇಳಿ, ಎಂದಿನಂತೆ ತಪಾಸಣೆ ಮಾಡಿಸಿಕೊಳ್ಳಿ.

## ನುಂಗಿದ ಮೇಲೆ

ನುಂಗಿ ಒಂದು ಗಂಟೆಗೆ ವಾಂತಿ ಆಯ್ತು. ಮತ್ತೆ ನುಂಗಬೇಕಾ?

ನುಂಗಬೇಕು. ಎರಡು ಗಂಟೆಯೊಳಗೆ ವಾಂತಿ ಆದರೆ ಇನ್ನೊಂದು ಮಾತ್ರೆ ತಂದು ಆದಷ್ಟು ಬೇಗ ನುಂಗಿ. ಕೆಲವು ಪೆಟ್ಟಿಗೆಯ ಚೀಟಿಯಲ್ಲಿ ಮೂರು ಗಂಟೆ ಅಂತ ಇರುತ್ತದೆ, ಹಾಗಿದ್ದರೆ ಅದನ್ನೇ ಪಾಲಿಸಿ. ಅದಕ್ಕಿಂತ ತಡವಾಗಿ ಆದ ವಾಂತಿಗೆ ಏನೂ ಮಾಡಬೇಕಿಲ್ಲ, ಔಷಧಿ ಆಗಲೇ ರಕ್ತಕ್ಕೆ ಸೇರಿರುತ್ತದೆ. ತಲೆನೋವು, ಸುಸ್ತು, ಸ್ತನಗಳಲ್ಲಿ ಬಿಗಿತ ಒಂದೆರಡು ದಿನ ಇರಬಹುದು.

ಮುಟ್ಟು ಬರಬೇಕಾದ ದಿನ ಬರಲಿಲ್ಲ. ಯಾವಾಗ ಟೆಸ್ಟ್ ಮಾಡಬೇಕು?

ಮುಟ್ಟು ನಾಲ್ಕೈದು ದಿನ ಮುಂದೆ ಹೋಗುವುದು ಸಹಜ. ಮೊಟ್ಟೆಯನ್ನೇ ಮುಂದಕ್ಕೆ ತಳ್ಳಿದ್ದೇವಲ್ಲ, ಮುಟ್ಟೂ ಅದರ ಹಿಂದೆಯೇ ಹೋಗುತ್ತದೆ. ಕೆಲವರಿಗೆ ಬೇಗವೂ ಬರುತ್ತದೆ.

ಬರಬೇಕಾದ ದಿನ ಕಳೆದು ಒಂದು ವಾರ ಆದರೆ ಟೆಸ್ಟ್ ಮಾಡಿ. ಮುಟ್ಟು ಯಾವತ್ತೂ ಸರಿಯಾಗಿ ಬರದವರು, ಬಂದದ್ದು ತುಂಬ ಕಡಿಮೆ ಇದ್ದವರು, ಸಂಬಂಧ ಆದ ದಿನದಿಂದ ಮೂರು ವಾರ ಎಣಿಸಿ ಮಾಡಿ. ನುಂಗಿದ ಮೂರನೇ ದಿನ, ಐದನೇ ದಿನ ಟೆಸ್ಟ್ ಕಿಟ್ ತೆಗೆದುಕೊಂಡು ಹೋಗುವವರನ್ನು ನೋಡುತ್ತಿರುತ್ತೇನೆ. ಅಷ್ಟು ಬೇಗ ಎಚ್‌ಸಿಜಿ ಇರುವುದೇ ಇಲ್ಲ. ಒಂದು ಗೆರೆ ಬಂದರೂ ಅದನ್ನು ನಂಬುವ ಹಾಗಿಲ್ಲ.

ಈ ನಡುವೆ ಹೊಟ್ಟೆಯ ಒಂದು ಪಕ್ಕದಲ್ಲಿ ಜೋರು ನೋವು, ತಲೆಸುತ್ತು, ಕಣ್ಣು ಕತ್ತಲೆ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಗರ್ಭ ನಾಳದಲ್ಲಿ ನಿಂತಿದ್ದರೆ ಹೀಗಾಗುತ್ತದೆ. ಅದನ್ನು ಈ ಮಾತ್ರೆ ತರುವುದಿಲ್ಲ, ಆದರೆ ತಡೆಯುವುದೂ ಇಲ್ಲ.

ಒಂದೇ ತಿಂಗಳಲ್ಲಿ ಮೂರು ಸಲ ನುಂಗಿದೆ. ಮುಂದೆ ಮಕ್ಕಳಾಗಲ್ವಾ?

ಮಕ್ಕಳಾಗುವುದಕ್ಕೆ ತೊಂದರೆ ಇಲ್ಲ. ಔಷಧಿ ಕೆಲವು ದಿನದಲ್ಲಿ ದೇಹದಿಂದ ಹೊರಗೆ ಹೋಗುತ್ತದೆ, ಮುಂದಿನ ಚಕ್ರಕ್ಕೇ ಮೊಟ್ಟೆ ಬರಬಹುದು. ತೊಂದರೆ ಬೇರೆ ಎರಡಿವೆ. ಮುಟ್ಟು ಪೂರ್ತಿ ಏರುಪೇರಾಗಿ, ತಡವಾದದ್ದು ಗರ್ಭದಿಂದಲೋ ಮಾತ್ರೆಯಿಂದಲೋ ಅಂತ ತಿಳಿಯದೆ ಪ್ರತಿ ಸಲ ಕಂಗಾಲಾಗುತ್ತೀರಿ. ಮತ್ತೆ, ಪ್ರತಿ ಸಲವೂ ಸೋಲುವ ಸಾಧ್ಯತೆ ಹೊಸದಾಗಿ ಇರುತ್ತದೆ, ವರ್ಷಕ್ಕೆ ಸೇರಿಸಿದರೆ ಅದು ದೊಡ್ಡದಾಗುತ್ತದೆ. ತಿಂಗಳಿಗೆ ಮೂರು ಸಲ ಬೇಕಾಗುತ್ತಿದೆ ಅಂದರೆ ದಿನದ ಮಾತ್ರೆಯೋ ವಂಕಿಯೋ ಇಂಜೆಕ್ಷನ್ನೋ ನಿಮಗೆ ಹಣವೂ ಕಡಿಮೆ ಬೀಳುವ, ನೆಮ್ಮದಿಯೂ ಹೆಚ್ಚು ಸಿಗುವ ದಾರಿ.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಟಿಬಿಗೆ ಮಾತ್ರೆ ತಗೋತಾ ಇದ್ದೀನಿ. ಇದನ್ನ ನುಂಗಬಹುದಾ?

ನುಂಗಬಹುದು, ಆದರೆ ಒಂದು ಮಾತ್ರೆ ಸಾಲದೇ ಹೋಗಬಹುದು. ಟಿಬಿಯ ರಿಫಾಂಪಿಸಿನ್ ಲಿವರ್ ಅನ್ನು ಚುರುಕು ಮಾಡುತ್ತದೆ, ಅದು ಲೆವೊನಾರ್ಜೆಸ್ಟ್ರೆಲ್ ಅನ್ನು ಬೇಗ ಬೇಗ ಕರಗಿಸಿಬಿಡುತ್ತದೆ. ಮೂರ್ಛೆ ರೋಗಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟಾಲ್, ಎಚ್‌ಐವಿಯ ಎಫಾವಿರೆಂಜ್ ಕೂಡ ಹೀಗೇ. ಅವನ್ನು ನಿಲ್ಲಿಸಿ ನಾಲ್ಕು ವಾರದವರೆಗೂ ಈ ಪ್ರಭಾವ ಇರುತ್ತದೆ.

ಇಂಥವರಿಗೆ ಕಾಪರ್-ಟಿ ಮೊದಲ ಆಯ್ಕೆ, ಅದಕ್ಕೆ ಲಿವರ್ ಜೊತೆ ಲೆಕ್ಕವಿಲ್ಲ. ಅದು ಆಗದಿದ್ದರೆ ಎರಡು ಮಾತ್ರೆ, ಅಂದರೆ 3 ಮಿಲಿಗ್ರಾಂ ಒಟ್ಟಿಗೆ ನುಂಗಲು ಬ್ರಿಟನ್ನಿನ ವೈದ್ಯರ ಮಾರ್ಗಸೂಚಿ ಹೇಳುತ್ತದೆ. ಅಂಗಡಿಯವರಿಗೆ ಬೇರೆ ಯಾವ ಔಷಧಿ ನಡೀತಿದೆ ಅಂತ ಹೇಳಿ. ನಾವು ಕೇಳದಿದ್ದರೂ ನೀವೇ ಹೇಳಿ. ಟಿಬಿ ಮಾತ್ರೆಯನ್ನು ಮಾತ್ರ ಇದಕ್ಕಾಗಿ ಬಿಡಬೇಡಿ.

ನನ್ನ ತೂಕ 82 ಕೆಜಿ. ದಪ್ಪ ಇರೋರಿಗೆ ಕೆಲಸ ಮಾಡಲ್ಲ ಅಂತ ಓದಿದೆ.

ಮಾಡುವುದೇ ಇಲ್ಲ ಅನ್ನುವುದು ಹೆಚ್ಚಾಯಿತು. 70 ಕೆಜಿ ದಾಟಿದವರಲ್ಲಿ ಬಲ ಕುಗ್ಗಬಹುದು ಅನ್ನುವ ಸೂಚನೆ ಇದೆ. ಅದೇ ಬ್ರಿಟನ್ನಿನ ಮಾರ್ಗಸೂಚಿ ಇಲ್ಲೂ ಎರಡು ಮಾತ್ರೆಯ ಮಾತು ಹೇಳುತ್ತದೆ, ಆದರೆ ಎರಡರಿಂದ ಎಷ್ಟು ಲಾಭ ಅನ್ನುವುದು ಗಟ್ಟಿಯಾಗಿ ಸಾಬೀತಾಗಿಲ್ಲ. ನಿಮ್ಮ ಸ್ಥಿತಿಯಲ್ಲಿ ಕಾಪರ್-ಟಿ ಸಿಗುವಂತಿದ್ದರೆ ಅದನ್ನೇ ಹಾಕಿಸಿಕೊಳ್ಳಿ. ಸಿಗದಿದ್ದರೆ ತೂಕದ ಚಿಂತೆಯಲ್ಲಿ ಮಾತ್ರೆಯನ್ನೇ ಬಿಡಬೇಡಿ.

ಮಗುವಿಗೆ ನಾಲ್ಕು ತಿಂಗಳು, ಎದೆಹಾಲು ಕುಡಿಸ್ತಿದ್ದೀನಿ. ನುಂಗಿದ್ರೆ ಹಾಲು ಕೆಡುತ್ತಾ?

ಕೆಡುವುದಿಲ್ಲ. ಹಾಲು ಹಿಂಡಿ ಚೆಲ್ಲುವ ಅಗತ್ಯವೂ ಇಲ್ಲ. ಮಗುವಿಗೆ ಕುಡಿಸಿ ಆಮೇಲೆ ಮಾತ್ರೆ ನುಂಗಿದರೆ ಮುಂದಿನ ಹಾಲಿನ ಹೊತ್ತಿಗೆ ಸ್ವಲ್ಪ ಅಂತರ ಸಿಗುತ್ತದೆ, ಮನಸ್ಸಿಗೂ ಸಮಾಧಾನ.

ಎಲ್ಲ ಸರಿಯಾಗಿ ಮಾಡಿದೆ, ಆದ್ರೂ ಎರಡು ಗೆರೆ ಬಂತು. ಈಗೇನು ಮಾಡಲಿ?

ನೀವು ತಪ್ಪು ಮಾಡಿಲ್ಲ. ಆ ತಿಂಗಳು ಸೀಟಿ ಮೊದಲೇ ಊದಿತ್ತು, ಅಷ್ಟೇ. ಮತ್ತೊಂದು ಐ-ಪಿಲ್ ತರಲು ಹೋಗಬೇಡಿ. ಕೊನೆಯ ಮುಟ್ಟಿನ ಮೊದಲ ದಿನ ಯಾವುದು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ಅವರು ಗರ್ಭ ಒಳಗೇ ಕೂತಿದೆಯಾ, ಎಷ್ಟು ವಾರ ಅಂತ ನೋಡುತ್ತಾರೆ.

ಬೇಡ ಅಂತ ನೀವು ತೀರ್ಮಾನಿಸಿದರೆ ಭಾರತದಲ್ಲಿ 1971ರ ಗರ್ಭಪಾತ ಕಾಯ್ದೆ ಅದಕ್ಕೆ ಅವಕಾಶ ಕೊಡುತ್ತದೆ. ಒಂಬತ್ತು ವಾರದವರೆಗೆ ಮಾತ್ರೆಯಿಂದಲೇ ಆಗಬಹುದು. ಗರ್ಭನಿರೋಧಕ ಸೋತು ನಿಂತ ಗರ್ಭಕ್ಕೆ ಕಾಯ್ದೆಯಲ್ಲೇ ಜಾಗವಿದೆ. 2021ರ ತಿದ್ದುಪಡಿ ಮದುವೆಯಾಗದವರಿಗೂ ಅದನ್ನು ವಿಸ್ತರಿಸಿತು. ನಿಮಗೆ 18 ತುಂಬಿದ್ದರೆ ನಿಮ್ಮ ಸಹಿ ಒಂದೇ ಸಾಕು, ಗಂಡನ ಅಥವಾ ಅಪ್ಪ ಅಮ್ಮನ ಸಹಿ ಕಾಯ್ದೆ ಕೇಳುವುದಿಲ್ಲ. ಆಸ್ಪತ್ರೆಯವರು ಕೇಳಿದರೆ ಈ ಮಾತನ್ನು ಹೇಳಿ.